ಹಳದಿಯನ್ನು ತಡೆದವರು ಯಾರು?

ರಕ್ತಪರೀಕ್ಷೆಯ ವರದಿಯಲ್ಲಿ ಲಿವರ್‌ಗೆ ಸಂಬಂಧಿಸಿದ ಸಾಲುಗಳ ನಡುವೆ ಎಎಲ್‌ಪಿ ಎಂಬ ಮೂರಕ್ಷರ ಇರುತ್ತದೆ. ಅದು ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ. ಲಿವರ್, ಮೂಳೆ, ಕರುಳು, ಗರ್ಭಿಣಿಯರ ಮಾಸು, ಎಲ್ಲದರಲ್ಲೂ ಅದರ ಒಂದಲ್ಲ ಒಂದು ರೂಪವಿದೆ. ಹಸಿ ಹಾಲಿನಲ್ಲೂ ಇದೆ. ಹಾಲನ್ನು ಸರಿಯಾಗಿ ಪಾಶ್ಚರೀಕರಿಸಿದರೆ ಈ ಕಿಣ್ವ ಸಾಯುತ್ತದೆ. ಹಾಗಾಗಿ ಪಾಶ್ಚರೀಕರಣ ಸರಿಯಾಗಿ ಆಗಿದೆಯೋ ಇಲ್ಲವೋ ಎಂದು ನೋಡಲು ಡೇರಿಗಳು ಇದನ್ನೇ ಹುಡುಕುತ್ತವೆ.

ಬೇರೆ ಅಣುಗಳಿಗೆ ಅಂಟಿಕೊಂಡ ಫಾಸ್ಫೇಟ್ ತುಣುಕನ್ನು ಕತ್ತರಿಸಿ ಬಿಡಿಸುವುದು ಈ ಕಿಣ್ವದ ಕಸುಬು. ಪ್ರಯೋಗಾಲಯದಲ್ಲಿ ಅದಕ್ಕೆ ಕೊಡುವ ವಸ್ತುವಿನ ಹೆಸರು ಪ್ಯಾರಾ-ನೈಟ್ರೋಫಿನೈಲ್ ಫಾಸ್ಫೇಟ್. ಇದಕ್ಕೆ ಬಣ್ಣವಿಲ್ಲ. ಫಾಸ್ಫೇಟ್ ಕಳಚಿಕೊಂಡೊಡನೆ ಉಳಿಯುವ ಭಾಗ ಕ್ಷಾರೀಯ ದ್ರಾವಣದಲ್ಲಿ ಅಚ್ಚ ಹಳದಿಯಾಗುತ್ತದೆ. ಹಳದಿ ಎಷ್ಟು ಬೇಗ ಏರುತ್ತದೆ ಎಂದು ಅಳೆದರೆ ಕಿಣ್ವ ಎಷ್ಟು ಬೇಗ ಕತ್ತರಿಸುತ್ತಿದೆ ಎಂದು ತಿಳಿಯುತ್ತದೆ. ಕಿಣ್ವಗಳಿಗೆ ಬೀಳುವ ತಡೆಗಳಲ್ಲಿ ಮೂರು ಬಗೆ ಇವೆ ಎಂದು ಪಠ್ಯಪುಸ್ತಕ ಹೇಳುತ್ತದೆ: ಕಾಂಪಿಟಿಟಿವ್, ಅನ್‌ಕಾಂಪಿಟಿಟಿವ್, ನಾನ್‌ಕಾಂಪಿಟಿಟಿವ್. ಅವನ್ನು ಗುರುತಿಸಿ ಬೇರ್ಪಡಿಸುವುದನ್ನು ಕಲಿಯಲು ಈ ಕಿಣ್ವಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಮೂರೂ ಬಗೆಯ ವರ್ತನೆ ಇದೊಂದರಲ್ಲೇ ಸಿಗುತ್ತದೆ, ಮೂರನೆಯದು ಹೇಗೆ ಮೋಸಮಾಡುತ್ತದೆ ಎಂಬುದೂ ಸೇರಿ.

ಮೊದಲು ತಡೆಯಿಲ್ಲದ ಕಿಣ್ವವನ್ನು ನೋಡೋಣ. ಕಿಣ್ವ ಕೆಲಸ ಮಾಡುವ ವಸ್ತುವಿಗೆ ಸಬ್‌ಸ್ಟ್ರೇಟ್ ಎನ್ನುತ್ತಾರೆ. ಕಿಣ್ವದ ಪ್ರಮಾಣವನ್ನು ಬದಲಿಸದೆ ಸಬ್‌ಸ್ಟ್ರೇಟನ್ನು ಮಾತ್ರ ಹೆಚ್ಚಿಸುತ್ತ ಹೋಗಿ ಪ್ರತಿ ಸಲವೂ ವೇಗ ಅಳೆಯಿರಿ. ಮೊದಮೊದಲು ವೇಗ ನೇರವಾಗಿ ಏರುತ್ತದೆ. ಆಗ ಹೆಚ್ಚಿನ ಕಿಣ್ವಗಳು ಖಾಲಿ ಕೂತಿರುತ್ತವೆ, ಸಬ್‌ಸ್ಟ್ರೇಟ್ ಬಂದಷ್ಟೂ ಕೆಲಸ ನಡೆಯುತ್ತದೆ. ಆಮೇಲೆ ಏರಿಕೆ ಮಂದವಾಗುತ್ತದೆ. ಕೊನೆಗೆ ಎಲ್ಲ ಕಿಣ್ವಗಳ ಕೈಯೂ ತುಂಬಿ, ಎಷ್ಟು ಸುರಿದರೂ ವೇಗ ಏರದ ಮಟ್ಟ ಬರುತ್ತದೆ. ಆ ಗರಿಷ್ಠ ವೇಗವೇ ವಿಮ್ಯಾಕ್ಸ್. ಅದರ ಅರ್ಧದಷ್ಟು ವೇಗ ಸಿಗುವ ಸಬ್‌ಸ್ಟ್ರೇಟ್ ಸಾಂದ್ರತೆಗೆ ಕೆಎಂ ಎಂದು ಹೆಸರು. ಲಿಯೊನೋರ್ ಮೈಕೇಲಿಸ್ ಮತ್ತು ಕೆನಡಾದ ವೈದ್ಯೆ ಮಾಡ್ ಮೆಂಟನ್ 1913ರಲ್ಲಿ ಬರ್ಲಿನ್‌ನಲ್ಲಿ, ಸಕ್ಕರೆಯನ್ನು ಒಡೆಯುವ ಇನ್ವರ್ಟೇಸ್ ಕಿಣ್ವದ ಮೇಲೆ ಮಾಡಿದ ಕೆಲಸದಿಂದ ಬಂದ ಸಮೀಕರಣವೇ ಈಗಲೂ ನಡೆಯುತ್ತಿದೆ:

```
v = Vmax [S] / (Km + [S])
```

ಈ ವಕ್ರರೇಖೆಗೆ ಎರಡು ತುದಿಗಳಿವೆ. ಎಡತುದಿಯಲ್ಲಿ ಸಬ್‌ಸ್ಟ್ರೇಟ್ ಕಡಿಮೆ. ಅಲ್ಲಿ ಕಾಣುವುದು ಏರಿನ ಕಡಿದು ಎಷ್ಟು ಎಂಬುದು. ಖಾಲಿ ಕಿಣ್ವ ಸಬ್‌ಸ್ಟ್ರೇಟನ್ನು ಎಷ್ಟು ಚೆನ್ನಾಗಿ ಹಿಡಿದು ಕತ್ತರಿಸುತ್ತದೆ ಎಂಬುದರ ಅಳತೆ ಅದು. ಲೆಕ್ಕದಲ್ಲಿ ಅದು ವಿಮ್ಯಾಕ್ಸನ್ನು ಕೆಎಂನಿಂದ ಭಾಗಿಸಿದ ಮೊತ್ತ. ಬಲತುದಿಯಲ್ಲಿ ಸಬ್‌ಸ್ಟ್ರೇಟ್ ಧಾರಾಳ. ಅಲ್ಲಿ ಕಾಣುವುದು ಛಾವಣಿಯ ಎತ್ತರ. ಸಬ್‌ಸ್ಟ್ರೇಟನ್ನು ಆಗಲೇ ಹಿಡಿದಿರುವ ಕಿಣ್ವ ಕೆಲಸವನ್ನು ಎಷ್ಟು ಬೇಗ ಮುಗಿಸುತ್ತದೆ ಎಂಬುದನ್ನು ಅದು ಹೇಳುತ್ತದೆ. ತಡೆಯುವ ವಸ್ತು ಬಂದಾಗ ಕೇಳಬೇಕಾದ ಪ್ರಶ್ನೆ ಇಷ್ಟೇ: ಪೆಟ್ಟು ಬಿದ್ದದ್ದು ಎಡತುದಿಗೋ, ಬಲತುದಿಗೋ, ಎರಡಕ್ಕೂ ಒಂದೇ ಸಮನಾಗಿಯೋ? ಕೆಎಂ ಹೆಚ್ಚಿತು, ವಿಮ್ಯಾಕ್ಸ್ ಇಳಿಯಿತು ಎಂದು ಕೋಷ್ಟಕ ಬಾಯಿಪಾಠ ಮಾಡಿದವರು ಪರೀಕ್ಷೆ ಮುಗಿದ ವಾರಕ್ಕೇ ಮರೆಯುತ್ತಾರೆ. ಎರಡು ತುದಿಗಳನ್ನು ನೋಡಲು ಕಲಿತವರು ಕೋಷ್ಟಕವನ್ನು ತಾವೇ ಬರೆದುಕೊಳ್ಳಬಲ್ಲರು.

ನಮ್ಮ ಹಳದಿ ಪ್ರಯೋಗಕ್ಕೆ ಮೊದಲ ತಡೆಯಾಗಿ ಬರಿಯ ಫಾಸ್ಫೇಟ್ ಹಾಕೋಣ. ಕಿಣ್ವ ಕತ್ತರಿಸಿ ಹೊರಗೆ ಬಿಡುವ ತುಣುಕೇ ಅದು. ಸಬ್‌ಸ್ಟ್ರೇಟಿನ ಫಾಸ್ಫೇಟ್ ಭಾಗ ಕೂರುವ ಜಾಗದಲ್ಲೇ ಬಿಡಿ ಫಾಸ್ಫೇಟೂ ಕೂರಬಲ್ಲದು. ಅದು ಕೂತಿರುವ ತನಕ ಸಬ್‌ಸ್ಟ್ರೇಟಿಗೆ ಪ್ರವೇಶವಿಲ್ಲ. ಇದು ಕಾಂಪಿಟಿಟಿವ್ ತಡೆ. ಅದು ಹಿಡಿಯುವುದು ಖಾಲಿ ಕಿಣ್ವವನ್ನು ಮಾತ್ರ. ಖಾಲಿ ಕಿಣ್ವ ಹೆಚ್ಚಿರುವುದು ಎಡತುದಿಯಲ್ಲಿ, ಆದ್ದರಿಂದ ಪೆಟ್ಟು ಬೀಳುವುದೂ ಅಲ್ಲೇ. ಸಬ್‌ಸ್ಟ್ರೇಟನ್ನು ಬೇಕಾದಷ್ಟು ಸುರಿದರೆ ಫಾಸ್ಫೇಟಿಗೆ ಜಾಗ ಸಿಗುವುದೇ ಅಪರೂಪವಾಗುತ್ತದೆ, ವೇಗ ಹಳೆಯ ಛಾವಣಿಗೇ ಹೋಗಿ ಮುಟ್ಟುತ್ತದೆ.

ಎರಡನೆಯದು ಎಲ್-ಫಿನೈಲ್‌ಅಲನೀನ್, ನಾವು ತಿನ್ನುವ ಪ್ರೋಟೀನಿನಲ್ಲೇ ಇರುವ ಅಮೈನೋ ಆಮ್ಲ. ಕರುಳಿನ ಮತ್ತು ಮಾಸಿನ ಆಲ್ಕಲೈನ್ ಫಾಸ್ಫಟೇಸನ್ನು ಇದು ಕೆಲವೇ ಮಿಲಿಮೋಲಾರ್ ಪ್ರಮಾಣದಲ್ಲಿ ಚೆನ್ನಾಗಿ ತಡೆಯುತ್ತದೆ. ಲಿವರ್ ಮತ್ತು ಮೂಳೆಯದನ್ನು ಅಷ್ಟಾಗಿ ಮುಟ್ಟುವುದಿಲ್ಲ. ರಕ್ತದಲ್ಲಿರುವ ಕಿಣ್ವ ಯಾವ ಅಂಗದಿಂದ ಬಂತು ಎಂದು ಪತ್ತೆ ಹಚ್ಚಲು 1960ರ ದಶಕದಲ್ಲಿ ಈ ವ್ಯತ್ಯಾಸವನ್ನೇ ಬಳಸಿಕೊಂಡರು. ಇದರ ಕನ್ನಡಿ ಪ್ರತಿಬಿಂಬವಾದ ಡಿ-ಫಿನೈಲ್‌ಅಲನೀನ್ ಹಾಕಿದರೆ ಹೀಗೆ ತಡೆಯುವುದಿಲ್ಲ. ಹಾಗಾಗಿ ಅದು ಪಕ್ಕದಲ್ಲಿಟ್ಟು ಹೋಲಿಸಲು ಸೊಗಸಾದ ನಿಯಂತ್ರಣ. ಎಲ್ ರೂಪ ಖಾಲಿ ಕಿಣ್ವದ ಗೋಜಿಗೆ ಹೋಗುವುದಿಲ್ಲ. ಸಬ್‌ಸ್ಟ್ರೇಟ್ ಬಂದು, ಅದರ ಫಾಸ್ಫೇಟ್ ಕಿಣ್ವಕ್ಕೆ ಅಂಟಿಕೊಂಡ ಮಧ್ಯದ ಹಂತದಲ್ಲಿ ಬಂದು ಹಿಡಿಯುತ್ತದೆ. ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಇದು ಅನ್‌ಕಾಂಪಿಟಿಟಿವ್ ತಡೆ.

ಇಲ್ಲಿ ಸಾಮಾನ್ಯ ತರ್ಕ ತಲೆಕೆಳಗಾಗುತ್ತದೆ. ಸಬ್‌ಸ್ಟ್ರೇಟ್ ಕಡಿಮೆ ಇದ್ದರೆ ಅರ್ಧ ಕೆಲಸದಲ್ಲಿರುವ ಕಿಣ್ವಗಳೂ ಕಡಿಮೆ, ಫಿನೈಲ್‌ಅಲನೀನಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಎಡತುದಿಯ ಏರು ಹಾಗೆಯೇ ಉಳಿಯುತ್ತದೆ. ಸಬ್‌ಸ್ಟ್ರೇಟ್ ಸುರಿದಷ್ಟೂ ತಡೆ ಬಿಗಿಯಾಗುತ್ತದೆ, ಛಾವಣಿ ಕುಸಿಯುತ್ತದೆ. ಛಾವಣಿ ಕುಸಿದ ಮೇಲೆ ಅದರ ಅರ್ಧದ ಮಟ್ಟವೂ ಬೇಗ ಸಿಗುವುದರಿಂದ ಕೆಎಂ ಕೂಡ ಇಳಿಯುತ್ತದೆ. ಕೆಎಂ ಇಳಿಯಿತು ಎಂದರೆ ಕಿಣ್ವ ಚುರುಕಾಯಿತು ಎಂದುಕೊಳ್ಳುವವರು ಇಲ್ಲಿ ಮುಗ್ಗರಿಸುತ್ತಾರೆ.

ಮೂರನೆಯದು ನಾನ್‌ಕಾಂಪಿಟಿಟಿವ್. ತಡೆಯುವ ವಸ್ತು ಖಾಲಿ ಕಿಣ್ವವನ್ನೂ ತುಂಬಿದ ಕಿಣ್ವವನ್ನೂ ಒಂದೇ ಬಲದಿಂದ ಹಿಡಿಯುತ್ತದೆ. ಸಬ್‌ಸ್ಟ್ರೇಟ್ ಎಷ್ಟಿದ್ದರೇನು, ಹಿಡಿತಕ್ಕೆ ಸಿಕ್ಕ ಕಿಣ್ವಗಳ ಪಾಲು ಒಂದೇ. ಎರಡೂ ತುದಿಗಳು ಒಂದೇ ಅನುಪಾತದಲ್ಲಿ ತಗ್ಗುತ್ತವೆ, ಕೆಎಂ ಕದಲುವುದಿಲ್ಲ.

ಇನ್ನು ಅಂಕಿಗಳು. ಲೆಕ್ಕ ಸುಲಭವಾಗಲೆಂದು ವಿಮ್ಯಾಕ್ಸ್ 100, ಕೆಎಂ 1 ಮಿಲಿಮೋಲಾರ್ ಎಂದು ಹಿಡಿಯೋಣ. ತಡೆಯುವ ವಸ್ತುವನ್ನು ಅದರ ಹಿಡಿತದ ಸ್ಥಿರಾಂಕಕ್ಕೆ ಸರಿಸಮನಾಗಿ ಹಾಕಿದ್ದೇವೆ ಎಂದುಕೊಳ್ಳಿ, ಅಂದರೆ ಅದು ಮುಟ್ಟುವ ಪ್ರತಿ ಅಂಶವೂ ಎರಡು ಪಟ್ಟು ಬದಲಾಗುತ್ತದೆ. ಸಬ್‌ಸ್ಟ್ರೇಟಿನ ಮೂರು ಸಾಂದ್ರತೆಗಳಲ್ಲಿ ಸಿಗುವ ವೇಗಗಳು ಹೀಗಿರುತ್ತವೆ:

| ಸಬ್‌ಸ್ಟ್ರೇಟ್ (ಮಿಲಿಮೋಲಾರ್) | ತಡೆಯಿಲ್ಲದೆ | ಕಾಂಪಿಟಿಟಿವ್ | ಅನ್‌ಕಾಂಪಿಟಿಟಿವ್ | ನಾನ್‌ಕಾಂಪಿಟಿಟಿವ್ |
|---|---|---|---|---|
| 0.25 | 20 | 11.1 | 16.7 | 10 |
| 1 | 50 | 33.3 | 33.3 | 25 |
| 4 | 80 | 66.7 | 44.4 | 40 |

ನಡುವಿನ ಸಾಲನ್ನು ಇನ್ನೊಮ್ಮೆ ನೋಡಿ. ಕಾಂಪಿಟಿಟಿವ್‌ನಲ್ಲೂ 33.3, ಅನ್‌ಕಾಂಪಿಟಿಟಿವ್‌ನಲ್ಲೂ 33.3. ಅಂದರೆ ಸಬ್‌ಸ್ಟ್ರೇಟ್ ಕೆಎಂಗೆ ಸಮನಾಗಿರುವ ಒಂದೇ ಬಿಂದುವಿನಲ್ಲಿ ಅಳೆದು, ವೇಗ ಮೂರನೇ ಒಂದು ಪಾಲು ಇಳಿಯಿತು ಎಂದು ವರದಿ ಬರೆದರೆ, ಆ ವರದಿಯಿಂದ ತಡೆಯ ಬಗೆಯನ್ನು ಯಾರೂ ಹೇಳಲಾರರು. ಸ್ವಭಾವದಲ್ಲಿ ಒಂದಕ್ಕೊಂದು ಪೂರ್ತಿ ವಿರುದ್ಧವಾದ ಎರಡು ತಡೆಗಳು ಅಲ್ಲಿ ಒಂದೇ ಮುಖ ತೋರಿಸುತ್ತವೆ.

ಗುಟ್ಟು ಬಿಚ್ಚಿಕೊಳ್ಳುವುದು ಮೊದಲ ಮತ್ತು ಕೊನೆಯ ಸಾಲುಗಳಲ್ಲಿ. ವೇಗ ನೂರಕ್ಕೆ ಎಷ್ಟು ಪಾಲು ಕುಗ್ಗಿತು ಎಂದು ಲೆಕ್ಕ ಹಾಕಿ. ಕಾಂಪಿಟಿಟಿವ್‌ನಲ್ಲಿ 0.25ರ ಬಳಿ ಶೇಕಡ 44, ಆದರೆ 4ರ ಬಳಿ ಬರೀ 17. ಅನ್‌ಕಾಂಪಿಟಿಟಿವ್‌ನಲ್ಲಿ ಸರಿಯಾಗಿ ಉಲ್ಟಾ, ಮೊದಲು 17, ಕೊನೆಗೆ 44. ನಾನ್‌ಕಾಂಪಿಟಿಟಿವ್‌ನಲ್ಲಿ ಮೂರೂ ಕಡೆ 50. ಗ್ರಾಫ್ ಹಾಳೆ ತೆಗೆಯುವ ಮೊದಲೇ ಈ ಲೆಕ್ಕ ಮಾಡಿಕೊಳ್ಳುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಿಕೆಯ ದಾರಿ. ಸಬ್‌ಸ್ಟ್ರೇಟ್ ಏರಿದಂತೆ ಶೇಕಡಾವಾರು ತಡೆ ಇಳಿದರೆ ಒಂದು ಬಗೆ, ಏರಿದರೆ ಇನ್ನೊಂದು, ಕದಲದಿದ್ದರೆ ಮತ್ತೊಂದು.

ಆದರೂ ತರಗತಿಯಲ್ಲಿ ಎಲ್ಲರೂ ಎಳೆಯುವುದು ಲೈನ್‌ವೀವರ್-ಬರ್ಕ್ ಗೆರೆಗಳನ್ನೇ. ಹಾನ್ಸ್ ಲೈನ್‌ವೀವರ್ ಮತ್ತು ಡೀನ್ ಬರ್ಕ್ 1934ರಲ್ಲಿ ಸೂಚಿಸಿದ ಉಪಾಯ ಸರಳ. ವೇಗದ ಬದಲು ಅದರ ವಿಲೋಮವನ್ನು, ಅಂದರೆ ಒಂದನ್ನು ವೇಗದಿಂದ ಭಾಗಿಸಿ ಬಂದದ್ದನ್ನು, ಲಂಬ ಅಕ್ಷದಲ್ಲಿ ಇಡಿ. ಸಬ್‌ಸ್ಟ್ರೇಟಿನ ವಿಲೋಮವನ್ನು ಅಡ್ಡ ಅಕ್ಷದಲ್ಲಿ ಇಡಿ. ವಕ್ರರೇಖೆ ನೆಟ್ಟಗಾಗುತ್ತದೆ, ಅಳತೆಪಟ್ಟಿ ಇಟ್ಟು ಎಳೆಯಬಹುದು. ವಕ್ರರೇಖೆಯ ಛಾವಣಿ ಇಲ್ಲಿ ಲಂಬ ಅಕ್ಷವನ್ನು ಗೆರೆ ಮುಟ್ಟುವ ಜಾಗವಾಗುತ್ತದೆ. ಎಡತುದಿಯ ಏರು ಗೆರೆಯ ಓಟವಾಗುತ್ತದೆ. ಎರಡೂ ತಿರುಗುಮುರುಗು, ಛಾವಣಿ ತಗ್ಗಿದರೆ ಇಲ್ಲಿ ಮುಟ್ಟುವ ಜಾಗ ಮೇಲೇರುತ್ತದೆ.

ನಮ್ಮ ಕೋಷ್ಟಕವನ್ನು ಹಾಗೆ ತಿರುಗಿಸಿದರೆ ತಡೆಯಿಲ್ಲದ ಗೆರೆ ಲಂಬ ಅಕ್ಷವನ್ನು 0.01ರಲ್ಲಿ ಮುಟ್ಟುತ್ತದೆ, ಅದರ ಓಟವೂ 0.01. ಫಾಸ್ಫೇಟ್ ಹಾಕಿದ ಗೆರೆ ಅದೇ 0.01ರಿಂದ ಹೊರಟು ಎರಡು ಪಟ್ಟು ಕಡಿದಾಗಿ ಏರುತ್ತದೆ. ಎರಡೂ ಲಂಬ ಅಕ್ಷದ ಮೇಲೇ ಸಂಧಿಸುತ್ತವೆ. ಫಿನೈಲ್‌ಅಲನೀನ್ ಹಾಕಿದ್ದು 0.02ರಿಂದ ಹೊರಡುತ್ತದೆ, ಓಟ ಹಳೆಯದೇ. ಎರಡು ಗೆರೆಗಳು ರೈಲುಹಳಿಯ ಹಾಗೆ ಸಮಾಂತರವಾಗಿ ಹೋಗುತ್ತವೆ. ನಾನ್‌ಕಾಂಪಿಟಿಟಿವ್‌ನಲ್ಲಿ ಹೊರಡುವ ಜಾಗವೂ ಓಟವೂ ಎರಡು ಪಟ್ಟು. ಆ ಗೆರೆಗಳನ್ನು ಎಡಕ್ಕೆ, ಸೊನ್ನೆಯ ಆಚೆಗೆ ಬೆಳೆಸಿದರೆ ಅಡ್ಡ ಅಕ್ಷದ ಮೇಲೆ, ಮೈನಸ್ 1ರಲ್ಲಿ ಸಂಧಿಸುತ್ತವೆ. ಗೆರೆಗಳು ಲಂಬ ಅಕ್ಷದ ಎಡಕ್ಕೆ, ಆದರೆ ಅಡ್ಡ ಅಕ್ಷಕ್ಕಿಂತ ಮೇಲೋ ಕೆಳಗೋ ಸೇರಿದರೆ ಅದು ಮಿಶ್ರ ತಡೆ. ಖಾಲಿ ಕಿಣ್ವವನ್ನೂ ತುಂಬಿದ್ದನ್ನೂ ಹಿಡಿಯುತ್ತದೆ, ಒಂದನ್ನು ಹೆಚ್ಚು, ಇನ್ನೊಂದನ್ನು ಕಡಿಮೆ. ನಿಜವಾದ ಕಿಣ್ವಗಳಲ್ಲಿ ಇದೇ ಹೆಚ್ಚು ಕಾಣುವುದು. ಎರಡನ್ನೂ ತಕ್ಕಡಿಯಲ್ಲಿ ತೂಗಿದಷ್ಟು ಸಮನಾಗಿ ಹಿಡಿಯುವ ಶುದ್ಧ ನಾನ್‌ಕಾಂಪಿಟಿಟಿವ್ ಪುಸ್ತಕದಲ್ಲಿ ಧಾರಾಳ, ಪ್ರಯೋಗದ ಮೇಜಿನ ಮೇಲೆ ಅಪರೂಪ.

ಗೆರೆಗಳು ಕಣ್ಣಿಗೆ ಚೆಂದ, ಆದರೆ ಅವುಗಳ ಮೇಲೆ ಪೂರಾ ಭಾರ ಹಾಕಬಾರದು. ಅಳತೆಯಲ್ಲಿ ಎರಡು ಘಟಕದಷ್ಟು ಆಚೀಚೆ ಆಗುವುದು ಸಹಜ ಎಂದುಕೊಳ್ಳಿ. ವೇಗ 80 ಇರುವಲ್ಲಿ 78 ಅಥವಾ 82 ಬಂದರೆ ವಿಲೋಮ 0.0128ರಿಂದ 0.0122ರವರೆಗೆ, ಅಲುಗಾಡಿದ್ದೇ ಕಾಣುವುದಿಲ್ಲ. ವೇಗ 20 ಇರುವಲ್ಲಿ 18 ಅಥವಾ 22 ಬಂದರೆ 0.0556ರಿಂದ 0.0455ರವರೆಗೆ. ಅದೇ ಎರಡು ಘಟಕದ ದೋಷ ಇಲ್ಲಿ ಹದಿನಾರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಅಷ್ಟು ಸಾಲದೆಂಬಂತೆ ಈ ಅಲುಗಾಡುವ ಬಿಂದು ಗೆರೆಯ ದೂರದ ತುದಿಯಲ್ಲಿ ಕೂತಿರುತ್ತದೆ, ಅದು ಸ್ವಲ್ಪ ಜರುಗಿದರೂ ಇಡೀ ಗೆರೆ ತಿರುಗುತ್ತದೆ. ಸಮಾಂತರ ಗೆರೆಗಳು ಎಲ್ಲೋ ಸೇರುವಂತೆ ಕಾಣುವುದು, ಅಕ್ಷದ ಮೇಲೆ ಸೇರಬೇಕಾದವು ಪಕ್ಕದಲ್ಲಿ ಸೇರುವುದು ಹೀಗೇ. ಇದು ಆ ಇಬ್ಬರಿಗೆ ಗೊತ್ತಿರಲಿಲ್ಲವೆಂದಲ್ಲ. ಸಂಖ್ಯಾಶಾಸ್ತ್ರಜ್ಞ ಡೆಮಿಂಗ್ ಜೊತೆ ಸೇರಿ ಅದೇ ಕಾಲದಲ್ಲಿ ಕೆಲಸ ಮಾಡಿದ್ದ ಅವರು ಬಿಂದುಗಳಿಗೆ ತೂಕ ಕೊಟ್ಟೇ ಲೆಕ್ಕ ಹಾಕಬೇಕೆಂದು ಬಲ್ಲವರು. ಆಮೇಲೆ ಬಂದವರು ಗೆರೆಯನ್ನು ಇಟ್ಟುಕೊಂಡು ತೂಕವನ್ನು ಬಿಟ್ಟರು. ಇವತ್ತು ಮೂಲ ವಕ್ರರೇಖೆಯನ್ನೇ ಕಂಪ್ಯೂಟರಿಗೆ ಕೊಟ್ಟು ಸಮೀಕರಣ ಹೊಂದಿಸಬಹುದು. ನೇರಗೆರೆ ಬೇಕಾಗುವುದು ಫಲಿತಾಂಶವನ್ನು ಬೇರೆಯವರಿಗೆ ತೋರಿಸಲು.

ಇನ್ನೂ ಕೆಟ್ಟ ತಪ್ಪು ಸಬ್‌ಸ್ಟ್ರೇಟಿನ ವ್ಯಾಪ್ತಿಯನ್ನು ಆರಿಸುವಲ್ಲಿ ಆಗುತ್ತದೆ. ಎಲ್ಲ ಅಳತೆಗಳನ್ನೂ ಕೆಎಂಗಿಂತ ಬಹಳ ಕೆಳಗೆ ಮಾಡಿದರೆ ನಿಮಗೆ ಎಡತುದಿ ಮಾತ್ರ ಕಾಣುತ್ತದೆ. ಅಲ್ಲಿ ಕಾಂಪಿಟಿಟಿವ್ ಮತ್ತು ನಾನ್‌ಕಾಂಪಿಟಿಟಿವ್ ಒಂದೇ ಥರ, ಅನ್‌ಕಾಂಪಿಟಿಟಿವ್ ಇದೆಯೆಂದೇ ತಿಳಿಯುವುದಿಲ್ಲ. ಎಲ್ಲವನ್ನೂ ಬಹಳ ಮೇಲೆ ಮಾಡಿದರೆ ಕಾಂಪಿಟಿಟಿವ್ ಮಾಯ, ಉಳಿದೆರಡು ಅವಳಿಗಳು. ಕೆಎಂನ ಐದನೇ ಒಂದು ಪಾಲಿನಿಂದ ಐದು ಪಟ್ಟಿನವರೆಗೆ ಹರಡಿದ ಆರೇಳು ಸಾಂದ್ರತೆಗಳಾದರೂ ಬೇಕು. ಜೊತೆಗೆ ತಡೆಯುವ ವಸ್ತುವಿನ ಎರಡು ಮೂರು ಪ್ರಮಾಣಗಳೂ ಬೇಕು.

ಹಳದಿ ಪ್ರಯೋಗಕ್ಕೆ ತನ್ನದೇ ಆದ ಒಂದು ಬಲೆಯೂ ಇದೆ. ಪ್ರತಿ ಹಳದಿ ಅಣುವಿನ ಜೊತೆ ಒಂದು ಫಾಸ್ಫೇಟ್ ಹೊರಬರುತ್ತದೆ, ಆ ಫಾಸ್ಫೇಟೇ ಕಾಂಪಿಟಿಟಿವ್ ತಡೆ. ಹೆಚ್ಚು ಹೊತ್ತು ಬಿಟ್ಟರೆ ನೀವು ಹಾಕದ ತಡೆ ತಾನಾಗಿ ಹುಟ್ಟಿಕೊಳ್ಳುತ್ತದೆ, ಸಬ್‌ಸ್ಟ್ರೇಟೂ ಕರಗುತ್ತದೆ. ಅದಕ್ಕೇ ಅಳೆಯಬೇಕಾದ್ದು ಆರಂಭದ ವೇಗವನ್ನು, ಸಬ್‌ಸ್ಟ್ರೇಟಿನ ಹತ್ತನೇ ಒಂದು ಪಾಲು ಖರ್ಚಾಗುವುದರೊಳಗೆ. 405 ನ್ಯಾನೋಮೀಟರ್ ಬೆಳಕಿನಲ್ಲಿ, ಒಂದು ಸೆಂಟಿಮೀಟರ್ ಅಗಲದ ಕ್ಯುವೆಟ್‌ನಲ್ಲಿ, ಮಾಪಕ 0.18ರಷ್ಟು ಏರಿದರೆ ಸುಮಾರು 10 ಮೈಕ್ರೋಮೋಲಾರ್ ಹಳದಿ ಬಂದಿದೆ ಎಂದು ಅರ್ಥ. 0.25 ಮಿಲಿಮೋಲಾರ್ ಸಬ್‌ಸ್ಟ್ರೇಟ್ ಹಾಕಿದ್ದರೆ ಅದರ ಹತ್ತನೇ ಪಾಲು 25 ಮೈಕ್ರೋಮೋಲಾರ್; ಮಾಪಕ 0.45 ಏರುವುದರೊಳಗೆ ಲೆಕ್ಕ ಮುಗಿದಿರಬೇಕು. ಹಳದಿ ನೇರ ಗೆರೆಯಲ್ಲಿ ಏರದೆ ಆಗಲೇ ಬಾಗಿದ್ದರೆ ಕಿಣ್ವವನ್ನು ಇನ್ನಷ್ಟು ತೆಳುಮಾಡಿ ಮತ್ತೆ ಶುರುಮಾಡುವುದೇ ಸರಿ. ಈ ಕಿಣ್ವದ ಕೆಲಸಕ್ಕೆ ಫಾಸ್ಫೇಟ್ ಬಫರ್ ಬಳಸಬಾರದು ಎಂದು ಬೇರೆ ಹೇಳಬೇಕಿಲ್ಲ. ಹೇಳದಿದ್ದರೆ ಯಾರಾದರೊಬ್ಬರು ಬಳಸಿಯೇ ಬಳಸುತ್ತಾರೆ.

ಈಗ ಮೋಸದ ಮಾತಿಗೆ ಬರೋಣ. ರಕ್ತಕಣಗಳ ಎಣಿಕೆಗೆಂದು ರಕ್ತ ತುಂಬುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಎಂಬ ವಸ್ತು ಇರುತ್ತದೆ. ಅದು ಲೋಹದ ಅಯಾನುಗಳನ್ನು ಕಚ್ಚಿ ಹಿಡಿಯುತ್ತದೆ. ಆಲ್ಕಲೈನ್ ಫಾಸ್ಫಟೇಸ್ ಕೆಲಸ ಮಾಡಲು ಸತುವೂ ಮೆಗ್ನೀಸಿಯಮ್ಮೂ ಬೇಕು. ಅವನ್ನು ಇಡಿಟಿಎ ಕಿತ್ತುಕೊಂಡರೆ ಕಿಣ್ವ ನಿಷ್ಕ್ರಿಯ. ಆ ಟ್ಯೂಬಿನ ರಕ್ತದಲ್ಲಿ ಎಎಲ್‌ಪಿ ಅಳೆದರೆ ಇಲ್ಲದ ಕೊರತೆ ಕಾಣುವುದು ಇದರಿಂದಲೇ. ಇಡಿಟಿಎ ಬೆರೆಸಿದ ಕಿಣ್ವವನ್ನು ಸ್ವಲ್ಪ ಹೊತ್ತು ಇಟ್ಟು, ಅರ್ಧದಷ್ಟು ಕಿಣ್ವ ಸತ್ತ ಮೇಲೆ ಗೆರೆ ಎಳೆಯಿರಿ. ಛಾವಣಿ ಅರ್ಧ, ಏರು ಅರ್ಧ, ಕೆಎಂ ಅಲ್ಲೇ. ಪುಸ್ತಕದ ನಾನ್‌ಕಾಂಪಿಟಿಟಿವ್ ಚಿತ್ರ ಪಡಿಯಚ್ಚು. ಏನನ್ನೂ ಬೆರೆಸದೆ ಅರ್ಧ ಕಿಣ್ವವನ್ನು ಬಿಸಿಮಾಡಿ ಕೊಂದರೂ ಇದೇ ಚಿತ್ರ ಬರುತ್ತದೆ. ಗ್ರಾಫ್ ಹೇಳುತ್ತಿರುವುದು ಬದುಕಿರುವ ಕಿಣ್ವ ಕಡಿಮೆ ಎಂಬುದನ್ನು ಮಾತ್ರ. ತಡೆ ಬಂದು ಹೋಗುವಂಥದೋ, ಕಿಣ್ವ ಕಾಯಂ ಆಗಿ ಕೆಟ್ಟಿತೋ ಎಂಬುದು ಅದಕ್ಕೆ ಗೊತ್ತಿಲ್ಲ.

ಇವನ್ನು ಬೇರ್ಪಡಿಸಲು ಗಡಿಯಾರ ಬೇಕು. ಕಿಣ್ವವನ್ನೂ ತಡೆಯುವ ವಸ್ತುವನ್ನೂ ಬೆರೆಸಿಟ್ಟು, ಸಬ್‌ಸ್ಟ್ರೇಟನ್ನು ಕೂಡಲೇ ಒಮ್ಮೆ, ಐದು ನಿಮಿಷ ಬಿಟ್ಟು ಒಮ್ಮೆ, ಇಪ್ಪತ್ತು ನಿಮಿಷ ಬಿಟ್ಟು ಒಮ್ಮೆ ಹಾಕಿ ಅಳೆಯಿರಿ. ನಿಜವಾದ ನಾನ್‌ಕಾಂಪಿಟಿಟಿವ್ ತಡೆ ಸಾಮಾನ್ಯವಾಗಿ ತಕ್ಷಣ ಬಂದು ಅಲ್ಲೇ ನಿಲ್ಲುತ್ತದೆ. ಕಾಯುತ್ತ ಹೋದಂತೆ ತಡೆ ಬೆಳೆದರೆ ಅದು ನಿಧಾನವಾಗಿ ಕಿಣ್ವವನ್ನು ಕೆಡಿಸುತ್ತಿದೆ ಎಂಬ ಅನುಮಾನ ಬರಬೇಕು. ಆಮೇಲೆ ಆ ಮಿಶ್ರಣವನ್ನು ನೂರು ಪಟ್ಟು ತೆಳುಮಾಡಿ ಮತ್ತೆ ಅಳೆಯಬಹುದು. ಬಂದು ಹೋಗುವ ತಡೆಯಾದರೆ ಕಿಣ್ವ ಚೇತರಿಸಿಕೊಳ್ಳುತ್ತದೆ.

ಗ್ರಾಫ್ ಹೇಳದ ಇನ್ನೊಂದು ಸಂಗತಿ ಜಾಗ. ಕಾಂಪಿಟಿಟಿವ್ ಎಂದರೆ ಸಬ್‌ಸ್ಟ್ರೇಟಿನ ಜಾಗದಲ್ಲೇ ಕೂರುವುದು, ಉಳಿದವು ಬೇರೆ ಕಡೆ ಕೂರುವುದು ಎಂದು ಬಹಳ ಪುಸ್ತಕಗಳು ಚಿತ್ರ ಬರೆದು ಮುಗಿಸುತ್ತವೆ. ಆದರೆ ಕಿಣ್ವದ ಹಿಂಬದಿಗೆ ಅಂಟಿಕೊಂಡು ಅದರ ಆಕಾರವನ್ನೇ ಬದಲಿಸಿ ಸಬ್‌ಸ್ಟ್ರೇಟನ್ನು ಒಳಗೆ ಬಿಡದ ವಸ್ತುವಿಗೂ ಲಂಬ ಅಕ್ಷದಲ್ಲಿ ಸೇರುವ ಗೆರೆಗಳೇ ಬರುತ್ತವೆ. ಎರಡೂ ಒಟ್ಟಿಗೆ ಕಿಣ್ವದ ಮೇಲೆ ಇರಲಾರವು ಎಂಬುದಷ್ಟೇ ಗೆರೆಯ ಸಾಕ್ಷ್ಯ.

ತಡೆಯ ಬಗೆ ಆ ವಸ್ತುವಿನ ಹುಟ್ಟುಗುಣವೂ ಅಲ್ಲ. ಅದು ಯಾವ ಸಬ್‌ಸ್ಟ್ರೇಟನ್ನು ಬದಲಿಸುತ್ತ ಅಳೆದಿರಿ ಎಂಬುದರ ಮೇಲೆ ನಿಂತಿದೆ. ತೋಟಗಳಲ್ಲಿ ಕಳೆಗೆ ಹೊಡೆಯುವ ಗ್ಲೈಫೋಸೇಟ್ ಇದಕ್ಕೆ ಒಳ್ಳೆಯ ಸಾಕ್ಷಿ. ಅದು ತಡೆಯುವ ಕಿಣ್ವಕ್ಕೆ ಎರಡು ಸಬ್‌ಸ್ಟ್ರೇಟುಗಳು: ಶಿಕಿಮೇಟ್ ಫಾಸ್ಫೇಟ್ ಮತ್ತು ಪಿಇಪಿ ಎಂದು ಕರೆಯುವ ಫಾಸ್ಫೋಈನಾಲ್ ಪೈರುವೇಟ್. ಪಿಇಪಿಯನ್ನು ಬದಲಿಸುತ್ತ ಗೆರೆ ಎಳೆದರೆ ಲಂಬ ಅಕ್ಷದಲ್ಲಿ ಸೇರುತ್ತವೆ, ಕಾಂಪಿಟಿಟಿವ್. ಶಿಕಿಮೇಟ್ ಫಾಸ್ಫೇಟನ್ನು ಬದಲಿಸುತ್ತ ಎಳೆದರೆ ಸಮಾಂತರ, ಅನ್‌ಕಾಂಪಿಟಿಟಿವ್. ಶಿಕಿಮೇಟ್ ಫಾಸ್ಫೇಟ್ ಬಂದು ಕೂತ ಮೇಲಷ್ಟೇ ಗ್ಲೈಫೋಸೇಟ್ ಪಿಇಪಿಯ ಜಾಗಕ್ಕೆ ಬರುತ್ತದೆ ಎಂಬ ಸರದಿ ಎರಡು ಗ್ರಾಫುಗಳನ್ನು ಅಕ್ಕಪಕ್ಕ ಇಟ್ಟರೆ ಓದಲು ಸಿಗುತ್ತದೆ.

ಅನ್‌ಕಾಂಪಿಟಿಟಿವ್ ಅರ್ಧದ ಪರಿಣಾಮ ಗಿಡದೊಳಗೆ ಜೋರಾಗಿರುತ್ತದೆ. ಕಿಣ್ವ ನಿಂತಾಗ ಅದರ ಹಿಂದಿನ ವಸ್ತು ರಾಶಿ ಬೀಳುತ್ತದೆ. ಸಾಮಾನ್ಯ ಕಾಂಪಿಟಿಟಿವ್ ತಡೆಯಾಗಿದ್ದರೆ ಆ ರಾಶಿಯೇ ತಡೆಯನ್ನು ಪಕ್ಕಕ್ಕೆ ತಳ್ಳಿ ಕೆಲಸವನ್ನು ಮತ್ತೆ ನಡೆಸುತ್ತಿತ್ತು. ಇಲ್ಲಿ ಶಿಕಿಮೇಟ್ ಫಾಸ್ಫೇಟ್ ಹೆಚ್ಚಿದಷ್ಟೂ ಗ್ಲೈಫೋಸೇಟಿಗೆ ಹಿಡಿಯಲು ಸಿಗುವ ಕಿಣ್ವ ಹೆಚ್ಚುತ್ತದೆ, ಗಿಡಕ್ಕೆ ಆ ದಾರಿ ಮುಚ್ಚಿಹೋಗುತ್ತದೆ. ಶಿಕಿಮೇಟ್ ಎಲೆಗಳಲ್ಲಿ ತುಂಬಿಕೊಳ್ಳುತ್ತದೆ. ಒಂದು ಗಿಡಕ್ಕೆ ಗ್ಲೈಫೋಸೇಟ್ ತಾಗಿದೆಯೇ ಎಂದು ಸಂಶೋಧಕರು ಪರೀಕ್ಷಿಸುವಾಗ ಎಲೆಯನ್ನು ಅರೆದು ಅಳೆಯುವುದು ಈ ಶಿಕಿಮೇಟನ್ನೇ.